ಸಿಗರೇಟಿನ ರೊಕ್ಕ ಜೂನ್ ತಿಂಗಳದಾಗ ಎಲ್ಲಿರ್ತದ

ಸಿಗರೇಟ್ ಬಿಡು ಅಂತ ಹೇಳುವಾಗ ನಮ್ಮ ಮಂದಿ ಒಂದು ಲೆಕ್ಕ ಹೇಳ್ತಾರ. ದಿನಕ್ಕ ಒಂದು ಪ್ಯಾಕ್, ಪ್ಯಾಕಿಗೆ ಇಷ್ಟು, 365ರಿಂದ ಗುಣಿಸು, ನೋಡಪಾ ಇಷ್ಟು ವರ್ಷದಾಗ ಒಂದು ಕಾರೇ ಬರ್ತಿತ್ತು. ಅದಕ್ಕ ಸೇದೋನು ಕೊಡೋ ಉತ್ತರನೂ ಎಲ್ಲಾ ಕಡಿ ಒಂದೇ, ನೀ ಅಂತೂ ಸೇದಂಗಿಲ್ಲಲ್ಲ, ನಿನ್ನ ಕಾರ್ ಎಲ್ಲಿ ನಿಂತದ ತೋರ್ಸು. ಎಲ್ಲರೂ ನಗ್ತಾರ, ಮಾತು ಅಲ್ಲಿಗೇ ಮುಗೀತದ. ನನಗ ಈ ಎರಡೂ ಮಾತು ಭಾಳ ದಿನದಿಂದ ಕೊರೀಲಕತ್ತಿದ್ವು. ನಾ ಕಲಬುರಗಿ ನೆಹರು ಗಂಜಿನಾಗ ಒಂದು ಅಡತಿ ಅಂಗಡ್ಯಾಗ ಲೆಕ್ಕ ಬರಿಯೋನು, ದಿನಾ ಸಂಜಿಕಿ ಕಿರ್ದಿ ಮುಗಿಸಿ ಶಿಲ್ಕು ತಾಳೆ ನೋಡದ ಮನಿಗಿ ಹೋಗಂಗಿಲ್ಲ. ನಮ್ಮ ಕಸುಬಿನಾಗ ಖರ್ಚಾಗದ ರೊಕ್ಕ ಎಲ್ಲೋ ಒಂದು ಕಡಿ ಶಿಲ್ಕು ಅಂತ ಕಾಣಲೇಬೇಕು. ಕಾಣಲಿಲ್ಲಂದ್ರ ಅದು ಬ್ಯಾರೆ ಯಾವುದೋ ಖಾತೆಗೆ ಹೋಗ್ಯಾದ ಅಂತ ಅರ್ಥ. ಹಂಗಾದ್ರ ಸೇದದವನ ರೊಕ್ಕ ಯಾವ ಖಾತೆಗೆ ಹೋಯ್ತು, ಸೇದೋನು ನಾಳೆ ಬಿಟ್ರ ಅವನ ರೊಕ್ಕ ಯಾವ ಖಾತೆಗೆ ಹೋಗ್ತದ, ಇದನ್ನ ಯಾರೂ ಹೇಳಂಗಿಲ್ಲ. ಕಾರಿನ ಹೆಸರು ಹೇಳಿ ಸುಮ್ಮನಾಗ್ತಾರ.

ನಮ್ಮ ಅಣ್ಣ ಸಣ್ಣ ನಾಕ್ ಗಾಲಿ ಗೂಡ್ಸ್ ಗಾಡಿ ಇಟ್ಕೊಂಡಾನ, ಕಪನೂರ ಕಡಿ ದಾಲ್ ಮಿಲ್ಲಿನಿಂದ ಗಂಜಿಗಿ, ಗಂಜಿನಿಂದ ಹಳ್ಳಿ ಕಡಿ, ಯಾವ ಬಾಡಿಗಿ ಸಿಕ್ತದೋ ಅದು. ಹರೇದ ವಯಸ್ಸಿನಿಂದ ಸೇದ್ತಾನ. ಈ ಬರಹದಾಗ ಇರೋ ಲೆಕ್ಕ ಅವಂದೇ, ಅವನಿಗಿ ಕೇಳಿ, ಅವನ ಮುಂದ ಓದಿ ಹೇಳಿನೇ ಹಾಕ್ಲಕತ್ತೀನಿ.

ಜೂನ್ ಅಂದ್ರ ಏನು

ಗಾಡಿ ಇದ್ದವರಿಗಿ, ಸಾಲಿಗಿ ಹೋಗೋ ಮಕ್ಕಳಿದ್ದವರಿಗಿ ಜೂನ್ ತಿಂಗಳ ಹೆಂಗಿರ್ತದ ಅಂತ ನಾ ಬಿಡಿಸಿ ಹೇಳೋದು ಬ್ಯಾಡ. ಅಣ್ಣನ ಗಾಡಿ ಇನ್ಶೂರೆನ್ಸ್ ಅದೇ ತಿಂಗಳು ಮುಗೀತದ, ಮಗಳ ಸಾಲಿ ಫೀಸಿನ ಮೊದಲ ಕಂತು ಅದೇ ತಿಂಗಳು, ಪುಸ್ತಕ, ಡ್ರೆಸ್ಸು, ಎಲ್ಲಾ ಅದೇ ತಿಂಗಳು. ಆದ್ರ ತೊಗರಿ ಸೀಜನ್ ಇರೋದು ಡಿಸೆಂಬರ್, ಜನವರಿ, ಫೆಬ್ರವರಿ ಸುತ್ತ. ಜೂನ್‌ದಾಗ ಗಂಜಿನಾಗ ಆವಕ ಇರಂಗಿಲ್ಲ, ಬಾಡಿಗಿ ಅಲ್ಲೊಂದು ಇಲ್ಲೊಂದು. ರೊಕ್ಕ ಕೊಡೋ ತಿಂಗಳೇ ಬ್ಯಾರೆ, ರೊಕ್ಕ ಬರೋ ತಿಂಗಳೇ ಬ್ಯಾರೆ.

2024ರ ಜೂನ್‌ದಾಗ ಒಂದಿನ ಸಂಜಿಮುಂದ ಅವರ ಮನಿಗಿ ಹೋಗಿದ್ದೆ. ಅಣ್ಣ ಕಟ್ಟಿ ಮ್ಯಾಲ ಕುಂತಿದ್ದ, ವೈನಿ ಬಾಗಿಲದಾಗ ನಿಂತಿದ್ರು, ಇಬ್ಬರೂ ಮಾತಾಡ್ಲಕತ್ತಿರಲಿಲ್ಲ. ಏನಾಯ್ತು ಅಂತ ಕೇಳ್ದೆ. ವೈನಿ ಅಂದ್ರು, "ಮತ್ತ ಸಾವ್ಕಾರ ಹತ್ರ ಹೋಗಿ ಬಂದಾರ ನೋಡ್ರಿ. ಮೂವತ್ತು ಸಾವಿರ. ನೂರಕ್ಕ ಮೂರು." ಅಣ್ಣ ತಲಿ ಎತ್ತಲಿಲ್ಲ. "ಇನ್ಶೂರೆನ್ಸ್ ಇಲ್ಲದ ಗಾಡಿ ರೋಡಿಗಿ ಹಾಕ್ಲಿಕ್ಕಿ ಬರ್ತದೇನು ತಮ್ಮಾ, ಹಿಡಿದ್ರ ದಂಡ ಬೀಳ್ತದ" ಅಂದ. ಖರೆನೇ ಅದು, ನನಗೂ ಅದಕ್ಕ ಉತ್ತರ ಇರಲಿಲ್ಲ. ವೈನಿ ಮಾತ್ರ ಬಿಡಲಿಲ್ಲ, "ಸಿಗರೇಟಿಗಿ ಹೋಗೋ ರೊಕ್ಕ ವರ್ಷಾ ಇಟ್ಟಿದ್ರ ಇನ್ಶೂರೆನ್ಸ್ ಅದ್ರಾಗೇ ಆಗ್ತಿತ್ತು" ಅಂದ್ರು. ಅಣ್ಣ ಅಂದ, "ದಿನಕ್ಕ ಐದಾರು ಸೇದ್ತೀನಿ, ಅದ್ರಾಗ ಎಷ್ಟು ಬರ್ತದ? ಅಲ್ಲಿಂದಲ್ಲಿಗಿ ಹೋಗಿರ್ತದ."

ಅಲ್ಲಿಂದಲ್ಲಿಗಿ ಅಂದ ಆ ಮಾತು ನನ್ನ ತಲ್ಯಾಗ ಉಳೀತು. ಯಾಕಂದ್ರ ಅದು ಕೆಟ್ಟ ಮಾತಲ್ಲ, ನಿಜವಾಗ್ಲೂ ಹಂಗೇ ಅನ್ನಿಸ್ತದ. ಒಂದು ಸಲ ಜೇಬಿನಿಂದ ಹೋಗೋದು ಹನ್ನೆರಡು ರೂಪಾಯಿ. ಸಾವ್ಕಾರ ಕೊಡೋದು ಒಂದೇ ಸಲಕ್ಕ ಮೂವತ್ತು ಸಾವಿರ. ಎರಡೂ ಒಂದೇ ಜೇಬಿನ ರೊಕ್ಕ ಅಂತ ಯಾರಿಗೂ ಕಾಣಂಗಿಲ್ಲ.

ಲೆಕ್ಕ ಹಿಡಿದ ರೀತಿ

ಮೊದಲು ನಾ ನೋಡಿದ್ದು ಅವನ ಫೋನ್‌ಪೇ ಸ್ಟೇಟ್‌ಮೆಂಟ್. ಇವತ್ತು ಎಲ್ಲರೂ ಇದೇ ಸುಲಭ ಅಂತಾರ, ತಿಂಗಳ ಸ್ಟೇಟ್‌ಮೆಂಟ್ ತೆಗಿ, ಪಾನ್ ಅಂಗಡಿ ಹೆಸರು ಹುಡುಕು, ಕೂಡ್ಸು. ಆದ್ರ ಅದ್ರಾಗ ಚಾ, ಸಿಗರೇಟ್, ನೀರಿನ ಬಾಟ್ಲಿ ಎಲ್ಲಾ ಒಂದೇ ರಕಮಿನಾಗ ಇರ್ತದ. ಒಮ್ಮೊಮ್ಮೆ 30, ಒಮ್ಮೊಮ್ಮೆ 500, ಆ 500 ವಾರದ ಉದ್ರಿ ತೀರಿಸಿದ್ದು. ಇನ್ನ ಬಾಡಿಗಿ ಕ್ಯಾಶ್ ಬಂದ ದಿನ ಫೋನ್ ಮುಟ್ಟೋದೇ ಇಲ್ಲ, ಆ ದಿನ ಸ್ಟೇಟ್‌ಮೆಂಟಿನಾಗ ಸಿಗರೇಟೇ ಇಲ್ಲ ಅಂತ ಕಾಣ್ತದ. ಆಮ್ಯಾಲ ತಾಳೆ ನೋಡ್ಲಿಕ್ಕಿ ಇದು ನಡೀತದ, ಇದೊಂದನ್ನೇ ನಂಬಿ ವರ್ಷದ ಲೆಕ್ಕ ಕಟ್ಟಲಿಕ್ಕಿ ಬರಂಗಿಲ್ಲ.

ಅದಕ್ಕ ಅಂಗಡ್ಯಾಗ ನಾವು ಚಿಲ್ಲರ ಖರ್ಚು ಹಿಡಿಯೋ ಪದ್ಧತಿನೇ ಹಾಕಿದ್ವಿ. ಅಂಗಡ್ಯಾಗ ಹುಡುಗನ ಕೈಯಾಗ ಮುಂಜಾನೆ ಒಂದು ಗೊತ್ತಿದ್ದ ರಕಮ್ ಕೊಟ್ಟಿರ್ತೀವಿ, ಸಂಜಿಕಿ ಉಳಿದದ್ದು ಎಣಿಸ್ತೀವಿ, ಎಷ್ಟು ಕಮ್ಮಿ ಆಗ್ಯಾದೋ ಅಷ್ಟು ಖರ್ಚು. ಅಂವ ಏನೇನು ತೊಗೊಂಡ ಅಂತ ನೆನಪಿಟ್ಟು ಹೇಳಬೇಕಂತ ಇಲ್ಲ. ವೈನಿ ಒಂದು ಸಣ್ಣ ಪಾಕೀಟ್ ಮಾಡಿ ದಿನಾ ಮುಂಜಾನೆ ಅದ್ರಾಗ 200 ರೂಪಾಯಿ ಚಿಲ್ಲರ ಇಟ್ರು. ಕರಾರು ಏನಂದ್ರ ಪಾನ್ ಅಂಗಡಿ, ಚಾ ಅಂಗಡಿ ಎರಡಕ್ಕೂ ಆ ಪಾಕೀಟಿನಿಂದನೇ ಕೊಡಬೇಕು, ಫೋನ್ ಇಲ್ಲ, ಉದ್ರಿ ಇಲ್ಲ. ಅಣ್ಣ ಸೇದೋದು ಕಮ್ಮಿ ಮಾಡು ಅಂತ ನಾವು ಯಾರೂ ಒಂದು ಮಾತೂ ಅನಲಿಲ್ಲ, ಅದೇ ಮುಖ್ಯ. ಎಣಿಸ್ಲಕತ್ತಾರ ಅಂತ ಗೊತ್ತಾದ್ರ ಮನಷ್ಯಾ ಮೊದಲ ನಾಕು ದಿನ ತಾನೇ ಕಮ್ಮಿ ಮಾಡ್ತಾನ, ಹಂಗಾಗಿ ಆ ಮೊದಲ ದಿನಗಳ ಅಂಕಿ ಬಿಟ್ಟುಬಿಡಬೇಕು.

ಇನ್ನೊಂದು, ಒಂದೇ ತಿಂಗಳು ಎಣಿಸಿ ಹನ್ನೆರಡರಿಂದ ಗುಣಿಸಬಾರದು. ಶ್ರಾವಣದಾಗ ಅಣ್ಣ ಮಾಂಸ ಬಿಡ್ತಾನ, ಸಿಗರೇಟ್ ಪೂರ್ತಿ ಬಿಡಂಗಿಲ್ಲ ಆದ್ರ ಮುಂಜಾನೆ ಒಂದು ಸಂಜಿಕಿ ಒಂದು, ಅಷ್ಟೇ, ಸೋಮವಾರ ಶರಣಬಸವೇಶ್ವರ ಗುಡಿಗಿ ಹೋಗೋದಿದ್ರ ಅದೂ ಇಲ್ಲ. ಆ ತಿಂಗಳು ಎಣಿಸಿದ್ರ ವರ್ಷದ ಲೆಕ್ಕ ಏನೂ ಇಲ್ಲ ಅನ್ನಿಸ್ತದ. ಜನವರಿ ಎಣಿಸಿದ್ರ ಮನಿ ಮುಳುಗಿತು ಅನ್ನಿಸ್ತದ. ಅದಕ್ಕ ಶ್ರಾವಣದಾಗ ಒಂದಿಷ್ಟು ದಿನ, ದಸರಾ ಆದ ಮ್ಯಾಲ ಒಂದಿಷ್ಟು ದಿನ, ಸೀಜನ್‌ದಾಗ ಒಂದಿಷ್ಟು ದಿನ ಅಂತ ಬಿಟ್ಟು ಬಿಟ್ಟು ಹಿಡಿದ್ವಿ.

ಬಿಡಿ ಸಿಗರೇಟಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ನಮ್ಮ ರಾಜ್ಯದಾಗ 2017ರಾಗೇ ಬಿಡಿ ಸಿಗರೇಟ್ ಮಾರೋದು ನಿಷೇಧ ಆಗ್ಯಾದ, ಆದ್ರೂ ಒಂದೊಂದೇ ಸಿಗ್ತದ ಅನ್ನೋದು ಸೇದೋರಿಗೆಲ್ಲಾ ಗೊತ್ತು. ಲೆಕ್ಕ ಕೆಡಿಸೋದು ಇದೇ. ಎಂಆರ್‌ಪಿ ಪ್ಯಾಕಿನ ಮ್ಯಾಲ ಇರ್ತದ, ಒಂದೊಂದರ ಮ್ಯಾಲ ಇರಂಗಿಲ್ಲ, ಬಿಡಿ ರೇಟು ಅಂಗಡಿಯವ ಚಿಲ್ಲರಕ್ಕ ಹೊಂದೋ ಹಂಗ ಏರಿಸಿ ಹೇಳ್ತಾನ. ಪ್ಯಾಕ್ ತೊಗೊಂಡ್ರ ಭಾಳ ಸೇದ್ತೀನಿ ಅಂತ ಅಂಜಿ ಬಿಡಿ ತೊಗೊಳ್ಳೋ ಮನಷ್ಯಾ ಪ್ರತಿ ಒಂದಕ್ಕೂ ಹೆಚ್ಚು ಕೊಡ್ತಾನ, ಮ್ಯಾಲ ಖಾಲಿ ಪ್ಯಾಕೂ ಉಳಿಯಂಗಿಲ್ಲ ಎಣಿಸ್ಲಿಕ್ಕಿ. ಮತ್ತ ನಮ್ಮ ದೇಶದಾಗ ಸಿಗರೇಟಿನ ತೆರಿಗಿ ಉದ್ದದ ಮ್ಯಾಲ ನಿಂತದ, ಮಿಲಿಮೀಟರ್ ನೋಡಿ ಸಾವಿರ ಸಿಗರೇಟಿಗಿ ಇಷ್ಟು ಅಂತ. ಹಂಗಾಗಿ ರೇಟ್ ಏರಿದಾಗ ಮಂದಿ ಉದ್ದಂದು ಬಿಟ್ಟು ಗಿಡ್ಡಂದಕ್ಕ ಇಳೀತಾರ, ಖರ್ಚು ಕಮ್ಮಿ ಆಯ್ತು ಅನ್ಕೋತಾರ, ಆದ್ರ ಗಿಡ್ಡಂದು ಲಗೂ ಮುಗೀತದ, ಎಣಿಕಿ ಏರ್ತದ. ಅಣ್ಣನೂ ಹಿಂಗೇ ಕಿಂಗ್ ಸೈಜ್ ಬಿಟ್ಟು ಸಣ್ಣಂದಕ್ಕ ಬಂದೋನು. ನಾವು ಎಣಿಸೋ ಹೊತ್ತಿಗಿ ಅಂವ ಒಂದಕ್ಕ ಕೊಡ್ತಿದ್ದದ್ದು 12 ರೂಪಾಯಿ.

ಗಂಜಿನಾಗ ಗಾಡಿ ನಿಂತಾಗ

ಸೀಜನ್‌ದಾಗ ನಮ್ಮ ಗಂಜ್ ನೋಡಿದವರಿಗಿ ಗೊತ್ತದ. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಎಲ್ಲಾ ಕಡಿಯಿಂದ ತೊಗರಿ ಚೀಲ ಬರ್ತಿರ್ತಾವ, ಗಾಡಿ ಹಿಂದ ಗಾಡಿ, ಒಳಗ ಹೋಗ್ಲಿಕ್ಕೂ ಜಾಗ ಇಲ್ಲ, ಹೊರಗ ಬರ್ಲಿಕ್ಕೂ ಇಲ್ಲ. ಗಾಡಿ ಡ್ರೈವರಿಗಿ ಆವಾಗ ಕೆಲಸ ಅಂದ್ರ ಕಾಯೋದು. ಲೋಡ್ ಇಳಿಯೋ ಪಾಳಿ ಕಾಯೋದು, ತೂಕದ ಪಾಳಿ ಕಾಯೋದು, ಬಾಡಿಗಿ ರೊಕ್ಕ ಕಾಯೋದು. ಜನವರಿದಾಗ ಒಂದಿನ ನಾ ನಮ್ಮ ಅಂಗಡಿ ಗದ್ದಿಗಿ ಮ್ಯಾಲಿಂದ ಕಿರ್ದಿ ಬರಕೋತ ಅಣ್ಣನ್ನ ನೋಡ್ಲಕತ್ತಿದ್ದೆ, ಅಂವ ಎದುರಿಗೇ ಗಾಡಿ ಬಾಜು ನಿಂತಿದ್ದ. ಒಂದು ಹಚ್ಚಿದ, ಎರಡು ಸಲ ಎಳೆದ, ಅಷ್ಟರಾಗ ಹಮಾಲ ಕೂಗಿದ, ಸಿಗರೇಟ್ ಕೆಳಗ ಒಗೆದು ಓಡಿದ. ಗಾಡಿ ನಾಕು ಮಾರು ಮುಂದ ಬಂತು, ಮತ್ತ ನಿಂತ್ತು. ಇಳಿದು ಬಂದು ಹೊಸದೊಂದು ಹಚ್ಚಿದ. ಚಾದ ಹುಡುಗ ಬಂದ, ಚಾ ಜೊತಿ ಇನ್ನೊಂದು. ಇಬ್ಬರು ಹಮಾಲರು ಬಂದ್ರು, ಅವರಿಗಿ ಒಂದೊಂದು ಕೊಟ್ಟ.

ಸಂಜಿಕಿ ಪಾಕೀಟ್ ಎಣಿಸಿದಾಗ 13 ಸಿಗರೇಟಿನ ರೊಕ್ಕ ಹೋಗಿತ್ತು. ಅಣ್ಣಗ ಕೇಳ್ದೆ, ಇವತ್ತು ಎಷ್ಟು ಸೇದಿದಿ ಅಣ್ಣಾ ಅಂತ. ಅಂವ ಯೋಚನಿ ಮಾಡಿ, "ಏಳು ಇರಬೇಕು" ಅಂದ. ಸುಳ್ಳು ಹೇಳಲಿಲ್ಲ ಅಂವ, ನಾ ಕಣ್ಣಾರೆ ನೋಡೀನಿ. ಎರಡು ಸಲ ಎಳೆದು ಒಗೆದದ್ದು ಅವನ ನೆನಪಿನಾಗ ಸೇದಿದ್ದಲ್ಲ. ಕೊಟ್ಟದ್ದೂ ಸೇದಿದ್ದಲ್ಲ. ನೆನಪಿನಾಗ ಉಳಿಯೋದು ಕುಂತು ಪೂರ್ತಿ ಸೇದಿದ್ದು ಅಷ್ಟೇ, ಆದ್ರ ರೊಕ್ಕ ಎಲ್ಲಾದಕ್ಕೂ ಹೋಗಿರ್ತದ. ಸೇದೋ ಮಂದಿಗಿ ಎಷ್ಟು ಸೇದ್ತೀ ಅಂತ ಕೇಳೋದಕ್ಕಿಂತ ಎಷ್ಟು ಕೊಂಡಿ ಅಂತ ಕೇಳಬೇಕು ಅನ್ನೋದು ನನಗ ಅವತ್ತು ಪಕ್ಕಾ ಆಯ್ತು.

ಹಮಾಲರಿಗಿ ಕೊಟ್ಟದ್ದರ ಬಗ್ಗೆ ನಾನು ಅಣ್ಣ ಇಬ್ಬರೂ ಭಾಳ ಹೊತ್ತು ವಾದ ಮಾಡಿದ್ವಿ. ಅಂವ ಹೇಳಿದ್ದು ಖರೆ ಅದ, "ಅವರಿಗಿ ಒಂದು ಸಿಗರೇಟ್ ಕೊಟ್ರ ನನ್ನ ಗಾಡಿ ಮೊದಲು ಇಳಿಸ್ತಾರ, ನಾ ನಾಳೆ ಸೇದೋದು ಬಿಟ್ರೂ ಅದು ಕೊಡಬೇಕು." ಅಂದ್ರ ಅದು ಗಾಡಿ ಖರ್ಚು, ಡೀಸೆಲ್ ಇದ್ದಂಗ, ಸಿಗರೇಟ್ ಬಿಟ್ರ ಉಳಿಯೋ ರೊಕ್ಕ ಅಲ್ಲ. ಅದನ್ನ ನಾ ಲೆಕ್ಕದಿಂದ ತೆಗೆದೆ. ಅದಕ್ಕ ಎದುರಾಗಿ, ಸಿಗರೇಟ್ ಸಲುವಾಗೇ ಕುಡಿಯೋ ಚಾ ಅದ. ಮುಂಜಾನೆ ಚಾ ಅಂವ ಹೆಂಗಿದ್ರೂ ಕುಡೀತಾನ, ಮಧ್ಯಾಹ್ನ ಬಿಸಿಲಾಗ ಚಾ ಬೇಕಂತ ಇರಂಗಿಲ್ಲ, ಸಿಗರೇಟಿಗಿ ಜೋಡಿ ಬೇಕಂತ ಕುಡೀತಾನ. ಕೆಲಸದ ದಿನ ಅಂಥದ್ದೊಂದು ಚಾ ನಾ ಸಿಗರೇಟ್ ಖಾತೆಗೆ ಹಾಕಿದೆ. ಕಡ್ಡಿಪೆಟ್ಟಿಗಿ 2021ರ ಡಿಸೆಂಬರ್‌ದಾಗ ಒಂದು ರೂಪಾಯಿ ಇದ್ದದ್ದು ಎರಡಾಯ್ತಲ್ಲ, ಅದನ್ನೂ ಹಾಕಿದೆ, ರಕಮ್ ಸಣ್ಣದು, ಆದ್ರ ಬಿಟ್ರ ಅಣ್ಣನೇ ಅದೆಲ್ಲಿ ಅಂತ ಕೇಳ್ತಾನ.

ಈಗ ವರ್ಷದ ಲೆಕ್ಕ. ಕಾಯೋ ಸೀಜನ್ ದಿನ 75 ಹಿಡಿದ್ವಿ, ದಿನಕ್ಕ 13. ಸಾದಾ ಕೆಲಸದ ದಿನ 210, ದಿನಕ್ಕ 8. ಮನ್ಯಾಗ ಇರೋ ದಿನ 50, ದಿನಕ್ಕ 4. ಶ್ರಾವಣದ 30 ದಿನ, ದಿನಕ್ಕ 2. ಎಲ್ಲಾ ಕೂಡಿ 2,915 ಸಿಗರೇಟ್, 12ರಂತೆ 34,980 ರೂಪಾಯಿ. ಅದ್ರಾಗ ಸೀಜನ್ ದಿನ ಹಮಾಲರಿಗಿ ಕೊಟ್ಟದ್ದು ದಿನಕ್ಕ 3, ಅದರ 2,700 ಕಳೆದೆ. ಕೆಲಸದ 285 ದಿನದ ಹೆಚ್ಚಿನ ಚಾ 2,850, ಕಡ್ಡಿಪೆಟ್ಟಿಗಿ ಅಂದಾಜು 240 ಕೂಡಿಸಿದೆ. ಕಡಿಗಿ ನಿಂತದ್ದು 35,370. ಅಣ್ಣ ಹೇಳಿದ ಐದಾರರ ಲೆಕ್ಕ, ಅಂದ್ರ ದಿನಾ ಆರು ಅಂತ ಹಿಡಿದ್ರ, 26,280 ಬರ್ತದ. ಕಾರಿನ ಮಾತಾಡೋ ಮಂದಿ ಹೇಳೋ ಹತ್ತರ ಪ್ಯಾಕ್ ದಿನಕ್ಕೊಂದು ಅನ್ನೋದ್ರಾಗ 43,800 ಬರ್ತದ. ಎರಡೂ ಸರಿ ಇಲ್ಲ. ಕಮ್ಮಿ ಹೇಳಿದ್ರ ಮನಷ್ಯಾ ಇಷ್ಟೇ ಏನು ಅಂತ ಬಿಟ್ಟುಬಿಡ್ತಾನ, ಹೆಚ್ಚು ಹೇಳಿದ್ರ ಇದು ನಂದಲ್ಲ ಅಂತ ಬಿಟ್ಟುಬಿಡ್ತಾನ. ಅಣ್ಣ 35,370 ಅನ್ನೋದನ್ನ ಒಪ್ಪಿಕೊಂಡ, ಯಾಕಂದ್ರ ಹಮಾಲರದ್ದು ಕಳೆದದ್ದು ಅಂವ ನೋಡಿದ್ದ.

(ದವಾಖಾನಿ ಖರ್ಚು ಯಾಕ ಹಾಕಿಲ್ಲ ಅಂತ ಕೇಳ್ತೀರಿ. ನಮ್ಮ ಊರಾಗೇ ಕಿದ್ವಾಯಿ ಶಾಖೆ ಅದ, ಅದರ ಮುಂದ ಕಾಯೋ ಮಂದಿನ್ನ ನಾವೆಲ್ಲಾ ನೋಡೀವಿ. ಆದ್ರ ಯಾರಿಗಿ, ಯಾವಾಗ, ಎಷ್ಟು ಅಂತ ಗೊತ್ತಿಲ್ಲದ ರಕಮ್ ಕಿರ್ದ್ಯಾಗ ಬರಿಯೋ ಪದ್ಧತಿ ಇಲ್ಲ. ನನ್ನ ಅಣ್ಣನ ಹೆಸರಿನ ಮುಂದ ಅಂಥದ್ದೊಂದು ಅಂಕಿ ಬರಿಯೋ ಮನಸ್ಸೂ ನನಗಿಲ್ಲ.)

ಆ ರೊಕ್ಕಕ್ಕ ಏನು ಬರ್ತದ

ಎಲ್ಲರೂ ಮಾಡೋ ಹಂಗ ನಾನೂ ಮೊದಲು ಪೋಸ್ಟ್ ಆಫೀಸಿನ ಆರ್‌ಡಿ ಲೆಕ್ಕ ಹಾಕಿದೆ. ತಿಂಗಳಿಗಿ 2,900ರಂತೆ ಐದು ವರ್ಷ, ಬಡ್ಡಿ 6.7, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗಿ ಸೇರ್ತದ, ಕಡಿಗಿ ಎರಡು ಲಕ್ಷದ ಏಳು ಸಾವಿರದ ಹತ್ರ ಬರ್ತದ. ನಾವು ಕಟ್ಟಿದ್ದು 1,74,000. ಕೇಳ್ಲಿಕ್ಕಿ ಚಂದ ಅದ. ಅಣ್ಣನ ಮುಂದ ಓದಿ ಹೇಳ್ದೆ. ಅಂವ ಸುಮ್ಮನ ಕೇಳಿ ಒಂದೇ ಮಾತು ಅಂದ, "ಐದು ವರ್ಷ ಆಮ್ಯಾಲಿನ ಮಾತು ಅದು. ಈ ಜೂನ್‌ಗಿ ನಾ ಏನ್ ಮಾಡ್ಲಿ?"

ಅಲ್ಲೇ ನನಗ ಈ ಲೆಕ್ಕ ಎಲ್ಲಿ ದಾರಿ ತಪ್ಪತದ ಅಂತ ಕಾಣ್ತು. ಜೂನ್‌ದಾಗ ತಂದ 30,000ಕ್ಕ ತಿಂಗಳಿಗಿ ನೂರಕ್ಕ ಮೂರರಂತೆ 900 ಬಡ್ಡಿ. ಸೀಜನ್ ಬಂದು ಜನವರಿದಾಗ ತೀರಿಸೋ ತನಕ ಏಳು ತಿಂಗಳು, 6,300 ರೂಪಾಯಿ. ವರ್ಷದ ಲೆಕ್ಕಕ್ಕ ತಂದ್ರ ಅದು ನೂರಕ್ಕ 36. ಪೋಸ್ಟ್ ಆಫೀಸ್ 6.7 ಕೊಡೋ ಹೊತ್ತಿಗಿ ಸಾವ್ಕಾರ 36 ತೊಗೊಳ್ಳಕತ್ತಿರ್ತಾನ. ಇಂಥಾ ಮನ್ಯಾಗ ಸಿಗರೇಟಿನ ರೊಕ್ಕದಿಂದ ಕೊಳ್ಳಬೇಕಾದ ಮೊದಲ ಸಾಮಾನು ಕಾರಲ್ಲ, ಬೈಕಲ್ಲ, ಬಂಗಾರನೂ ಅಲ್ಲ, ಜೂನ್‌ದಾಗ ಸಾವ್ಕಾರನ ಮನಿಗಿ ಹೋಗದ ಇರೋದು. 35,370ಕ್ಕ ಆ 30,000ದ ಗಂಟು ಪೂರ್ತಿ ಬರ್ತದ, ಮ್ಯಾಲ 5,370 ಉಳೀತದ, 6,300 ಬಡ್ಡಿನೂ ಉಳೀತದ. ಅಂದ್ರ ಅವನಿಗಿ ಸಿಗರೇಟ್ ಬೀಳ್ತಿದ್ದದ್ದು ವರ್ಷಕ್ಕ 41,670. ಇದು ನನಗ ಯಾವ ಕಾರಿನ ಲೆಕ್ಕಕ್ಕಿಂತ ದೊಡ್ಡದು ಅನ್ನಿಸ್ತು, ಯಾಕಂದ್ರ ಇದು ಖರೆ ಖರೆ ಅವನ ಕೈಯಿಂದ ಹೋದ ರೊಕ್ಕ.

ಇದರ ಜೊತಿಗೇ ಇನ್ನೊಂದು ಸಣ್ಣ ವಿಷಯ ಸಿಕ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಅದಲ್ಲ, ವರ್ಷಕ್ಕ 20 ರೂಪಾಯಿ, ಅಪಘಾತದಾಗ ಸತ್ರ ಎರಡು ಲಕ್ಷ. ಎರಡು ಸಿಗರೇಟಿನ ರೊಕ್ಕನೂ ಅಲ್ಲ ಅದು, ದಿನಾ ರೋಡ್ ಮ್ಯಾಲ ಇರೋ ಮನಷ್ಯಾಗ ಇದಕ್ಕಿಂತ ಬೇಕಾದದ್ದು ಯಾವುದು. ಅಣ್ಣ ಅಂದ, "ಅದು ಬ್ಯಾಂಕಿನಾಗ ಮಾಡಿಸೀನಿ." ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದ್ರ ಹಿಂದಿನ ವರ್ಷದ್ದು ಕಟ್ಟೇ ಆಗಿಲ್ಲ. ಇದರ ವರ್ಷ ಜೂನ್ 1ರಿಂದ ಮೇ 31ರ ತನಕ, ರೊಕ್ಕ ತಾನೇ ಖಾತೆಯಿಂದ ಕಟ್ ಆಗೋದು ಆ ಸುಮಾರಿಗೇ. ಮೇ ಕಡಿಗಿ ಖಾತೆದಾಗ 20 ರೂಪಾಯಿನೂ ಇರಲಿಲ್ಲಂದ್ರ ವಿಮಾ ಹೋಯ್ತು, ಯಾರೂ ಮನಿಗಿ ಬಂದು ಹೇಳಂಗಿಲ್ಲ. ಇದನ್ನ ಓದೋರು ನಿಮ್ಮ ಪಾಸ್‌ಬುಕ್ಕಿನಾಗ ಮೇ–ಜೂನ್ ಎಂಟ್ರಿ ಒಂದು ಸಲ ನೋಡ್ರಿ. 436 ರೂಪಾಯಿದು ಇನ್ನೊಂದು ಅದ, ಜೀವನ್ ಜ್ಯೋತಿ ಅಂತ, ಹೆಂಗೇ ಸತ್ರೂ ಎರಡು ಲಕ್ಷ, 50 ವರ್ಷದ ಒಳಗ ಸೇರಬೇಕು. ಅದು ಅಣ್ಣನ ಲೆಕ್ಕದಾಗ ನಾಕೈದು ದಿನದ ಸಿಗರೇಟ್. ಖಾಸಗಿ ಟರ್ಮ್ ವಿಮಾದವರು ಸೇದೋರಿಗಿ ಹೆಚ್ಚು ಪ್ರೀಮಿಯಂ ಹಾಕ್ತಾರ, ಇದ್ರಾಗ ಆ ಭೇದ ಇಲ್ಲ.

ಹಿಡಿಯೋದು ಹೆಂಗ

ಈಗ ಆ ಹಳೇ ಪ್ರಶ್ನಿ, ಸೇದದವನ ಕಾರ್ ಎಲ್ಲಿ. ಅದನ್ನ ನಗೋ ಮಾತು ಅಂತ ಬಿಡಬಾರದು, ಅದ್ರಾಗ ನಿಜ ಅದ. ಸಿಗರೇಟಿನ ರೊಕ್ಕ ಹನ್ನೆರಡು ಹನ್ನೆರಡಾಗಿ ಹೋಗ್ತದ. ಸೇದಲಿಲ್ಲಂದ್ರ ಅದು ಹನ್ನೆರಡು ಹನ್ನೆರಡಾಗೇ ಜೇಬಿನಾಗ ಉಳೀತದ, ಉಳಿದದ್ದು ಸಂಜಿಕಿ ಮಿರ್ಚಿ ಭಜಿಗೋ, ಮಗಳ ಚಾಕ್ಲೇಟಿಗೋ, ರೀಚಾರ್ಜಿಗೋ ಹೋಗ್ತದ. ತಿಂಗಳ ಕಡಿಗಿ 2,900 ಅಂತ ಒಂದು ನೋಟಿನ ಕಟ್ಟು ಯಾವ ಜೇಬಿನಾಗೂ ಇರಂಗಿಲ್ಲ. ಪಗಾರದವರು ತಿಂಗಳಿಗೊಮ್ಮೆ ಆರ್‌ಡಿ ಕಟ್ಟಬಹುದು. ಬಾಡಿಗಿ ಗಾಡಿಯವನಿಗಿ ಅದು ಆಗಂಗಿಲ್ಲ, ಮೂರು ತಿಂಗಳು ಕಟ್ಟಿ ನಾಕನೇದಕ್ಕ ತಪ್ಪತದ. ರೊಕ್ಕ ಯಾವ ದಿನ, ಯಾವ ಅಳತಿದಾಗ ಉಳೀತದೋ ಅದೇ ದಿನ ಅದೇ ಅಳತಿದಾಗ ಎತ್ತಬೇಕು.

ಇದಕ್ಕ ನಮ್ಮ ನಾಡಾಗೇ ಹುಟ್ಟಿದ ಪದ್ಧತಿ ಅದ, ಪಿಗ್ಮಿ. 1928ರಾಗ ಉಡುಪಿ ಕಡಿ, ಮುಂದ ಸಿಂಡಿಕೇಟ್ ಬ್ಯಾಂಕ್ ಅಂತ ಆದ ಬ್ಯಾಂಕಿನವರು ಶುರು ಮಾಡಿದ್ದು, ಏಜೆಂಟ್ ದಿನಾ ಮನಿಗಿ ಅಂಗಡಿಗಿ ಬಂದು ಆಣೆ ಎರಡಾಣೆ ತೊಗೊಂಡು ಹೋಗ್ತಿದ್ರು. ಗಂಜಿನಾಗ ಇವತ್ತಿಗೂ ಪಿಗ್ಮಿ ಏಜೆಂಟ್ ದಿನಾ ಬರ್ತಾರ, ಅಂಗಡಿಯವರು, ಹಮಾಲರು, ಚಾದವರು ಎಲ್ಲರೂ ಕಟ್ತಾರ. ಇವತ್ತು 30, ನಾಳೆ 100, ಮುಂದಿನ ದಿನ ಏನೂ ಇಲ್ಲ, ನಡೀತದ. ನಾವು ಮಾಡಿದ್ದು ಇಷ್ಟೇ, ವೈನಿ ಪಾಕೀಟ್ ನಿಲ್ಲಿಸಲಿಲ್ಲ. ಈಗ ಸಿಗರೇಟಿಗಿ ಅಷ್ಟೇ ದಿನಾ 100 ಇಡೋದು, ಸಂಜಿಕಿ ಎಣಿಸೋದು, ಉಳಿದದ್ದು ಮರುದಿನ ಅಣ್ಣ ನಮ್ಮ ಅಂಗಡ್ಯಾಗ ಪಿಗ್ಮಿಗಿ ಹಾಕೋದು. ಎಂಟು ಸೇದಿದ ದಿನ ನಾಕು ರೂಪಾಯಿ ಉಳೀತದ, ಎರಡು ಸೇದಿದ ದಿನ 76. ಸೇದಬ್ಯಾಡ ಅಂತ ಯಾರೂ ಅನ್ನಲಿಲ್ಲ. ಪಾಕೀಟಿನಾಗ ಉಳಿದದ್ದೇ ಅವನಿಗಿ ಕಣ್ಣಿಗಿ ಕಾಣ್ಲಕತ್ತು.

ಪಿಗ್ಮಿದಾಗ ನೋಡಬೇಕಾದದ್ದೂ ಅದಾವ. ಬಡ್ಡಿ ಕಮ್ಮಿ, ಯಾಕಂದ್ರ ಏಜೆಂಟಿನ ಕಮಿಷನ್ ಅದ್ರಾಗೇ ಬರಬೇಕು. ಅವಧಿ ಮೊದಲು ಮುರಿಸಿದ್ರ ಬಡ್ಡಿ ಸಿಗಂಗಿಲ್ಲ, ಮ್ಯಾಲ ಒಂದಿಷ್ಟು ಕಡೀತಾರ, ಅದರ ರೂಲು ಒಂದೊಂದು ಕಡಿ ಒಂದೊಂದು ಥರ, ಸೇರೋ ಮೊದಲೇ ಕೇಳ್ಕೋಬೇಕು. ದಿನಾ ರಸೀದಿ ಅಥವಾ ಫೋನಿಗಿ ಮೆಸೇಜ್ ಬರಬೇಕು, ಏಜೆಂಟ್ ನಾಳೆ ಬರೀತೀನಿ ಅಂದ್ರ ಕೊಡಬಾರದು, ತಿಂಗಳಿಗೊಮ್ಮೆ ಆಫೀಸಿಗಿ ಹೋಗಿ ಬಾಕಿ ತಾಳೆ ನೋಡಬೇಕು. ಎಲ್ಲಾದಕ್ಕಿಂತ ದೊಡ್ಡದು, ಬ್ಯಾಂಕಿನಾಗ, ಸಹಕಾರಿ ಬ್ಯಾಂಕಿನಾಗೂ, ಐದು ಲಕ್ಷದ ತನಕ ಠೇವಣಿಗಿ ವಿಮಾ ಇರ್ತದ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘ ಅಂತ ಬೋರ್ಡ್ ಇದ್ದದ್ದಕ್ಕ ಆ ವಿಮಾ ಇಲ್ಲ, ಮುಳುಗಿದ್ರ ಮುಳುಗಿತು. ನಮ್ಮ ಕಡಿ ಪಿಗ್ಮಿ ಭಾಳಷ್ಟು ಇರೋದು ಇಂಥಾ ಸಂಘದಾಗೇ. ಅದಕ್ಕ ಅದ್ರಾಗ ವರ್ಷಾನುಗಟ್ಟಲೆ ಗಂಟು ಬೆಳೆಸೋದು ಬ್ಯಾಡ ಅಂತ ನನ್ನ ಅಭಿಪ್ರಾಯ, ಜೂನ್ ತನಕ ಕೂಡಿಡು, ಜೂನ್‌ದಾಗ ತೆಗಿ.

ಫೆಬ್ರವರಿ 2025ರಿಂದ ಶುರು ಆಯ್ತು. ಮೇ ಕಡಿಗಿ ಪಿಗ್ಮಿದಾಗ ಎಂಟು ಸಾವಿರದ ಹತ್ರ ಆಗಿತ್ತು. ಇದ್ರಾಗ ಪಾಕೀಟಿನಿಂದ ಉಳಿದದ್ದು ಅರ್ಧಕ್ಕಿಂತ ಹೆಚ್ಚು, ಬಾಕಿ ಒಳ್ಳೆ ಬಾಡಿಗಿ ಬಂದ ದಿನ ಅಣ್ಣ ತಾನೇ ಹಾಕಿದ್ದು. ಅಂವ ಬಿಟ್ಟಿಲ್ಲ, ನಾಕೈದಕ್ಕ ಬಂದಾನ, ಕಾಯೋ ದಿನ ಮತ್ತ ಏರ್ತದ. ಜೂನ್ ಬಂತು, ಗಂಟು ಬೇಕು 30,000. ಆವಾಗ ಮನ್ಯಾಗ ಒಂದು ದೊಡ್ಡ ಮಾತು ನಡೀತು. ಪಿಗ್ಮಿ ಮುರಿಸು ಅಂತ ನಾ ಅಂದೆ, ಎಂಟು ಸಾವಿರ ಸಾವ್ಕಾರನ ಹತ್ರ ಕಮ್ಮಿ ತಂದ್ರ ಏಳು ತಿಂಗಳಿಗಿ 1,680 ಬಡ್ಡಿ ಉಳೀತದ, ಮುರಿಸಿದ್ದಕ್ಕ ಸಂಘದವರು ಕಡಿಯೋದು ಅದರ ಮುಂದ ಭಾಳ ಸಣ್ಣದು. ವೈನಿ ಒಪ್ಪಲಿಲ್ಲ. "ನಿಮ್ಮ ಲೆಕ್ಕ ಖರೆ ಅದ, ಆದ್ರ ಬುಕ್ ಮುಚ್ಚಿದ್ರ ಇವರು ಪಾಕೀಟೂ ಮುಚ್ತಾರ" ಅಂದ್ರು. ನನ್ನ ಕಿರ್ದ್ಯಾಗ ಇಲ್ಲದ ಮಾತು ಅದು, ಆದ್ರ ತೂಕದ ಮಾತು. ಕಡಿಗಿ ಅಣ್ಣನೇ ಹೇಳಿದ, ಇವತ್ತು ಮುರಿಸಿ ನಾಳೆ ಅದೇ ಏಜೆಂಟಿನ ಹತ್ರ ಹೊಸ ಬುಕ್ ತೆಗಿಸ್ತೀನಿ ಅಂತ. ಸಾವ್ಕಾರನ ಹತ್ರ ತಂದದ್ದು 22,000. ತಿಂಗಳಿಗಿ 900 ಇದ್ದ ಬಡ್ಡಿ 660 ಆಯ್ತು.

ಹೊಸ ಬುಕ್ ಮರುದಿನ ಅಲ್ಲ, ಅದೇ ವಾರದ ಕಡಿಗಿ ತೆಗೆಸಿದ. 20 ರೂಪಾಯಿ ವಿಮಾದ ಸಲುವಾಗಿ ವೈನಿ ಮೇದಾಗೇ ಖಾತೆಗೆ 500 ಹಾಕಿಸಿದ್ರು, ಈ ಸಲ ಪಾಸ್‌ಬುಕ್ಕಿನಾಗ ಎಂಟ್ರಿ ಬಂದದ. 436ದು ಇನ್ನೂ ಮಾಡಿಸಿಲ್ಲ, ಅಣ್ಣಗ 50 ತುಂಬೋದ್ರೊಳಗ ಮಾಡಿಸಬೇಕು, ಈ ವಾರ ಬ್ಯಾಂಕಿಗಿ ನಾನೇ ಕರ್ಕೊಂಡು ಹೋಗ್ತೀನಿ.